ಕಾರ್ಡ್ ಇರೋರು ಜಾಸ್ತಿ ಬರ್ತಾರೆ, ಸರಿ. ಆದರೆ ಕಾರ್ಡಿನಿಂದ ಬರ್ತಾರಾ? ಶಿವಮೊಗ್ಗದ ಒಂದು ಕೆಫೆಯ ಲೆಕ್ಕ

ಶಿವಮೊಗ್ಗದ ಸವಳಂಗ ರಸ್ತೆಯ ಕಡೆ ಒಂದು ಸಣ್ಣ ಕೆಫೆ ಇದೆ. ಗಂಡ ಹೆಂಡತಿ ನಿಂತು ನಡೆಸುತ್ತಾರೆ. ಫಿಲ್ಟರ್ ಕಾಫಿ, ಕೋಲ್ಡ್ ಕಾಫಿ, ಸ್ಯಾಂಡ್‌ವಿಚ್, ಒಲೆಯಿಂದ ಆಗಷ್ಟೇ ತೆಗೆದ ಕೇಕ್ ಸಿಗುತ್ತದೆ. ಗಿರಾಕಿಗಳಲ್ಲಿ ಕಾಲೇಜು ಹುಡುಗ ಹುಡುಗಿಯರೇ ಹೆಚ್ಚು. ಸಂಜೆ ಹೊತ್ತು ವಿನೋಬನಗರದ ಕಡೆಯ ಮನೆಮಂದಿಯೂ ಬರುತ್ತಾರೆ. ಜೂನ್ ತಿಂಗಳ ಆರಂಭದಲ್ಲಿ ಅವರು ಪಾಯಿಂಟ್ಸ್ ಯೋಜನೆ ಶುರುಮಾಡಿದರು. ಫೋನ್ ನಂಬರ್ ಕೊಟ್ಟು ಸೇರಿಕೊಳ್ಳಬೇಕು. ಹಾಗೆ ಸೇರಿದವರನ್ನೇ ಅವರು "ಕಾರ್ಡ್ ಇರೋರು" ಅನ್ನುವುದು. ₹10 ಬಿಲ್ಲಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ಒಂದು ರೂಪಾಯಿ. ಅಂದರೆ ಕೊಟ್ಟ ದುಡ್ಡಿನಲ್ಲಿ 10% ವಾಪಸ್. ಪಾಯಿಂಟ್ ಲೆಕ್ಕ ಇಡುವ ಸಾಫ್ಟ್‌ವೇರಿಗೆ ತಿಂಗಳಿಗೆ ₹2,000 ಬಾಡಿಗೆ.

ಆಗಸ್ಟ್ ಕೊನೆಗೆ ಅವರ ಲೆಕ್ಕ ನೋಡಲು ನಾನು ಹೋದೆ. ಅಷ್ಟು ಹೊತ್ತಿಗೆ 400 ಜನ ಸೇರಿದ್ದರು. ಆಕೆ ಖುಷಿಯಾಗಿದ್ದರು. "ಅಣ್ಣ, ಕಾರ್ಡ್ ಇರೋರು ತಿಂಗಳಿಗೆ ಐದು ಸಲ ಬರ್ತಾರೆ, ಇಲ್ಲದೋರು ಒಂದೂವರೆ ಸಲ. ಅರ್ಧ ವ್ಯಾಪಾರ ಈಗ ಕಾರ್ಡಿನವರದ್ದೇ" ಅಂದರು. ಗಂಡನಿಗೆ ಅಷ್ಟು ನಂಬಿಕೆ ಇರಲಿಲ್ಲ. "ವ್ಯಾಪಾರ ಜಾಸ್ತಿ ಆಗಿದೆ, ನಿಜ. ಬ್ಯಾಂಕಿನಲ್ಲಿ ಯಾಕೆ ಕಾಣ್ತಿಲ್ಲ?" ಅನ್ನುವುದು ಅವರ ಪ್ರಶ್ನೆ. ಇಬ್ಬರ ಮಾತೂ ಲೆಕ್ಕದಲ್ಲಿ ನಿಜವೇ ಆಗಿತ್ತು.

ಈ ಬರಹದಲ್ಲಿ ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ. ಎಲ್ಲವೂ ಜಿಎಸ್‌ಟಿ ಬಿಟ್ಟು ಹಾಕಿದ ಲೆಕ್ಕ.

ಐದು ಸಲದ ಲೆಕ್ಕ ಎಲ್ಲಿಂದ ಬಂತು

ಮೊದಲು ಆ "ಐದು ಸಲ"ವನ್ನೇ ಬಿಡಿಸಿ ನೋಡಿದೆವು. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಎಲ್ಲ ಬಿಲ್ಲುಗಳನ್ನು ಎಕ್ಸೆಲ್‌ಗೆ ಇಳಿಸಿ, ನಂಬರ್ ಪ್ರಕಾರ ಜೋಡಿಸಿದೆವು. 400 ನಂಬರುಗಳಲ್ಲಿ 20 ನಂಬರುಗಳು ಬೇರೆಯದೇ ಕಥೆ ಹೇಳುತ್ತಿದ್ದವು. ಅವು ತಿಂಗಳಿಗೆ ಸರಾಸರಿ 24 ಬಿಲ್ ಮಾಡಿದ್ದವು. ಕೆಲವು ನಂಬರುಗಳ ಮೇಲೆ ಒಂದೇ ಗಂಟೆಯಲ್ಲಿ ಮೂರು ಬಿಲ್ ಇದ್ದವು. ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಮೂರು ಸಲ ಬಂದು ಹೋಗುವುದಿಲ್ಲ ಅಲ್ವಾ?

ನಡೆದದ್ದು ಇಷ್ಟು. ಹುಡುಗರ ಗುಂಪು ಬಂದರೆ ಎಲ್ಲರೂ ಒಬ್ಬನ ನಂಬರನ್ನೇ ಹೇಳುತ್ತಾರೆ. ಪಾಯಿಂಟ್ ಬೇಗ ಸೇರಿ, ತಿಂಗಳ ಕೊನೆಗೆ ಎಲ್ಲರೂ ಪುಕ್ಕಟೆ ಕಾಫಿ ಕುಡಿಯಬಹುದು. ಜಾಣತನವೇ, ಮೋಸ ಅಂತ ಹೇಳಲು ಬರುವುದಿಲ್ಲ. ಇನ್ನೊಂದು ನಂಬರ್ ಕೌಂಟರಿನ ಹುಡುಗನದ್ದು. ನಂಬರ್ ಕೊಡದ ಗಿರಾಕಿಗಳ ಬಿಲ್ಲಿಗೆ ಅವನು ತನ್ನದನ್ನೇ ಒತ್ತಿಬಿಡುತ್ತಿದ್ದ. ಇದು ಪಾಯಿಂಟ್ ಯೋಜನೆ ಇರುವ ಎಷ್ಟೋ ಕಡೆ ನಡೆಯುತ್ತದೆ. ಹಿಡಿಯುವುದೂ ಕಷ್ಟವಲ್ಲ. ಯಾವ ನಂಬರಿನ ಬಿಲ್ಲುಗಳು ಒಬ್ಬ ಕೆಲಸಗಾರನ ಪಾಳಿಯಲ್ಲಿ ಮಾತ್ರ ಬರುತ್ತವೆಯೋ, ಅವನು ರಜೆ ಹಾಕಿದ ದಿನ ಯಾವುದು ಮಾಯವಾಗುತ್ತದೆಯೋ, ಅದನ್ನು ಕಣ್ಣಿಟ್ಟು ನೋಡಬೇಕು. ಅವನಿಗೆ ಕರೆದು ಹೇಳಿದರು, ಅವನು ನಿಲ್ಲಿಸಿದ. ಕೆಲಸ ತೆಗೆಯುವ ಮಾತು ಬರಲಿಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಅಂಥ ಬಾಗಿಲನ್ನು ಯೋಜನೆಯೇ ತೆರೆದಿಟ್ಟಿತ್ತು.

ಆ 20 ನಂಬರುಗಳನ್ನು ತೆಗೆದ ಮೇಲೆ ಉಳಿದ 380 ಜನರ ಸರಾಸರಿ ತಿಂಗಳಿಗೆ ನಾಲ್ಕು ಸಲ. ಇಲ್ಲದವರ ಒಂದೂವರೆಗೆ ಹೋಲಿಸಿದರೆ ಇದೂ ದೊಡ್ಡದೇ. ಆದರೆ ಇಲ್ಲಿರುವ ತೊಡಕು ಬೇರೆ. ಕಾರ್ಡ್ ಮೊದಲು ಮಾಡಿಸಿಕೊಳ್ಳುವವರು ಯಾರು? ಹೇಗೂ ದಿನಾ ಬರುವವರು. ಜೋಗಕ್ಕೆ ಹೋಗುವ ದಾರಿಯಲ್ಲಿ ಒಂದು ಸಲ ಕಾಫಿಗೆ ನಿಂತವರು ಫೋನ್ ನಂಬರ್ ಕೊಟ್ಟು ಯಾಕೆ ಸೇರುತ್ತಾರೆ? ಹಾಗಾಗಿ ಕಾರ್ಡ್ ಇದ್ದವರು ಜಾಸ್ತಿ ಬರುವುದು ಕಾರ್ಡ್ ಕೆಲಸ ಮಾಡಿದ್ದಕ್ಕೆ ಸಾಕ್ಷಿಯಲ್ಲ. ಜಾಸ್ತಿ ಬರುವವರೇ ಕಾರ್ಡ್ ತೆಗೆದುಕೊಂಡಿದ್ದಾರೆ.

"ಆದರೆ ಅದೇ ಜನ ಮೇ ತಿಂಗಳಿಗಿಂತ ಜುಲೈನಲ್ಲಿ ಜಾಸ್ತಿ ಬಂದಿದ್ದಾರಲ್ಲ" ಅಂದರು ಆಕೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಹಿಂದಿನ ವರ್ಷದ ಬಿಲ್ಲುಗಳನ್ನು ತೆಗೆದೆವು. ಯೋಜನೆಯೇ ಇಲ್ಲದ ಆ ವರ್ಷವೂ ಮೇಯಿಂದ ಜುಲೈಗೆ ವ್ಯಾಪಾರ ಏರಿತ್ತು. ಮೇ ತಿಂಗಳಲ್ಲಿ ಹುಡುಗರು ರಜೆಗೆ ಊರಿಗೆ ಹೋಗಿರುತ್ತಾರೆ. ಜೂನ್ ದಾಟಿದರೆ ಕಾಲೇಜು, ಮಳೆ, ಬಿಸಿ ಕಾಫಿ. ಮಲೆನಾಡಿನ ಅಂಚಿನ ಊರಿನಲ್ಲಿ ಜೂನ್‌ನಲ್ಲಿ ಶುರುಮಾಡಿದ ಯಾವ ಯೋಜನೆಯೂ ಜುಲೈನಲ್ಲಿ ಗೆದ್ದಂತೆ ಕಾಣುತ್ತದೆ. ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವ ಹೋಲಿಕೆ ಇಲ್ಲಿ ಏನನ್ನೂ ಹೇಳುವುದಿಲ್ಲ.

10% ಕೊಟ್ಟರೆ ಎಷ್ಟು ಜಾಸ್ತಿ ಬರಬೇಕು

ಈಗ ಖರ್ಚಿನ ಕಡೆ. ಸರಾಸರಿ ಬಿಲ್ ₹150. ಅದರಲ್ಲಿ ಹಾಲು, ಕಾಫಿಪುಡಿ, ಬ್ರೆಡ್, ಚೀಸ್, ಗ್ಯಾಸ್, ಪಾರ್ಸೆಲ್ ಡಬ್ಬಿ ಎಲ್ಲ ಸೇರಿ ಅಸಲು ₹60. ಉಳಿಯುವುದು ₹90. ಬಾಡಿಗೆ, ಸಂಬಳ, ಕರೆಂಟು ಎಲ್ಲ ಈ ₹90ರಲ್ಲೇ ಹೋಗಬೇಕು. ಆದರೆ ಒಬ್ಬ ಗಿರಾಕಿ ಹೆಚ್ಚಿಗೆ ಬಂದರೆ ಬಾಡಿಗೆ ಏರುವುದಿಲ್ಲ. ಹಾಗಾಗಿ ಯೋಜನೆಯನ್ನು ಅಳೆಯಬೇಕಾದದ್ದು ವ್ಯಾಪಾರದ ಮೇಲಲ್ಲ, ಈ ₹90ರ ಮೇಲೆ.

ಪ್ರತಿ ಬಿಲ್ಲಿಗೆ ಕೊಡುವ ಪಾಯಿಂಟ್ ₹15. ಎಲ್ಲರೂ ಎಲ್ಲವನ್ನೂ ಬಳಸುವುದಿಲ್ಲ. ಇವರಲ್ಲಿ ಸುಮಾರು 70% ಬಳಕೆಯಾಗಿತ್ತು. ಅಂದರೆ ಬಿಲ್ಲಿಗೆ ₹10.50. ಇನ್ನೊಂದು ಮಾತನ್ನೂ ಇಲ್ಲಿ ನೋಡಬೇಕು. ಪಾಯಿಂಟ್ ಬಳಸಿ ಗಿರಾಕಿ ತಾನು ಬೇರೆ ದಿನ ಕೊಳ್ಳದ ತಿಂಡಿಯನ್ನು ತೆಗೆದುಕೊಂಡರೆ ಅಂಗಡಿಗೆ ತಗಲುವುದು ಅದರ ಅಸಲು ಮಾತ್ರ. ದಿನಾ ಕುಡಿಯುವ ಕಾಫಿಗೇ ಪಾಯಿಂಟ್ ಕೊಟ್ಟರೆ, ಬರಬೇಕಿದ್ದ ಪೂರ್ತಿ ದುಡ್ಡು ಹೋದಂತೆ. ಇವರಲ್ಲಿ ಯಾವುದು ನಡೆಯುತ್ತಿತ್ತು? ಪಾಯಿಂಟ್ ಬಳಸಿದ ಬಿಲ್ಲುಗಳನ್ನು ಬೇರೆ ಮಾಡಿ ನೋಡಿದೆವು. ಪಾಯಿಂಟ್ ಕಳೆಯುವ ಮುಂಚಿನ ಮೊತ್ತ ಅವುಗಳಲ್ಲೂ ಸುಮಾರು ₹150ರಷ್ಟೇ ಇತ್ತು. ಅಂದರೆ ಜಾಸ್ತಿ ಏನೂ ತಿಂದಿಲ್ಲ. ಅದೇ ಕಾಫಿ, ಅದೇ ಸ್ಯಾಂಡ್‌ವಿಚ್, ಕಡಿಮೆ ದುಡ್ಡು. ಹಾಗಾಗಿ ₹10.50 ಪೂರ್ತಿ ಖರ್ಚೇ.

ಒಬ್ಬ ಸದಸ್ಯ ಯೋಜನೆ ಇಲ್ಲದಿದ್ದರೂ ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದ ಅಂತ ಇಟ್ಟುಕೊಳ್ಳೋಣ. ಆಗ ಅವನಿಂದ ಉಳಿಯುತ್ತಿದ್ದದ್ದು ₹360. ಯೋಜನೆ ಬಂದ ಮೇಲೆ ಪ್ರತಿ ಸಲ ಉಳಿಯುವುದು ₹79.50. ಸಾಫ್ಟ್‌ವೇರ್ ಬಾಡಿಗೆ ತಲೆಗೆ ₹5. ಅದೇ ₹360 ಉಳಿಯಬೇಕಾದರೆ ಅವನು ಎಷ್ಟು ಸಲ ಬರಬೇಕು? 365ನ್ನು 79.50ರಿಂದ ಭಾಗಿಸಿದರೆ 4.59. ನಾಲ್ಕರ ಮೇಲೆ 15% ಜಾಸ್ತಿ. ಇದು ಲಾಭ ಮಾಡುವುದಕ್ಕಲ್ಲ, ಮೊದಲಿದ್ದ ಜಾಗದಲ್ಲೇ ನಿಲ್ಲುವುದಕ್ಕೆ. "10% ತಾನೇ ಕೊಡ್ತಿರೋದು" ಅಂದುಕೊಂಡವರಿಗೆ ಈ 15% ಗೊತ್ತಿರುವುದಿಲ್ಲ. ತಿಂಗಳಿಗೆ 2,000 ಸದಸ್ಯ ಬಿಲ್ಲುಗಳ ಮೇಲೆ ಪಾಯಿಂಟಿಗೆ ₹21,000, ಸಾಫ್ಟ್‌ವೇರಿಗೆ ₹2,000. ಗಂಡ ಬ್ಯಾಂಕಿನಲ್ಲಿ ಹುಡುಕುತ್ತಿದ್ದ ದುಡ್ಡು ಹೋಗುತ್ತಿದ್ದದ್ದು ಇಲ್ಲಿಗೆ.

ಬುಧವಾರ ಸದಸ್ಯರಿಗೆ 20% ಡಿಸ್ಕೌಂಟ್ ಕೊಡುವ ಯೋಚನೆಯೂ ಅವರಿಗಿತ್ತು. ಅದನ್ನು ಅಲ್ಲೇ ಕೈಬಿಡಲು ಒಂದೇ ಲೆಕ್ಕ ಸಾಕಾಯಿತು. ₹150ರ ಬಿಲ್ ₹120 ಆಗುತ್ತದೆ, ಅಸಲು ₹60 ಹಾಗೇ ಇರುತ್ತದೆ, ಉಳಿಯುವುದು ₹60. ಮೊದಲಿನ ₹90ಕ್ಕೆ ಸರಿತೂಗಬೇಕಾದರೆ ಬುಧವಾರ ಒಂದೂವರೆ ಪಟ್ಟು ಬಿಲ್ ಆಗಬೇಕು. ಅಷ್ಟಾದರೂ ಮಂಗಳವಾರ, ಗುರುವಾರದವರೇ ಬುಧವಾರಕ್ಕೆ ಸರಿದಿಲ್ಲ ಅಂತ ತೋರಿಸಬೇಕು.

ಸಮ, ಬೆಸ

15% ಜಾಸ್ತಿ ಬರುತ್ತಿದ್ದಾರಾ ಇಲ್ಲವಾ ಅಂತ ತಿಳಿಯಲು ಯೋಜನೆ ಸಿಕ್ಕವರನ್ನು ಸಿಗದವರ ಜೊತೆ ಹೋಲಿಸಬೇಕು. ಎರಡೂ ಗುಂಪು ಮೊದಲಿನಿಂದ ಒಂದೇ ತರಹ ಇರಬೇಕು. ಇದ್ದ ಸದಸ್ಯರಿಂದ ಪಾಯಿಂಟ್ ಕಿತ್ತುಕೊಂಡು ಪರೀಕ್ಷೆ ಮಾಡಲು ಆಗುವುದಿಲ್ಲ, ಸಣ್ಣ ಊರಿನಲ್ಲಿ ಮಾತು ಬೇಗ ಹರಡುತ್ತದೆ. ಹಾಗಾಗಿ ಇನ್ನೂ ಸೇರದವರನ್ನು ತೆಗೆದುಕೊಂಡೆವು. ಈ ಕೆಫೆಯಲ್ಲಿ ಬಿಲ್ ಫೋನಿಗೆ ಹೋಗುತ್ತದೆ, ಹಾಗಾಗಿ ಸದಸ್ಯರಲ್ಲದ ತುಂಬ ಜನರ ನಂಬರ್ ಕೂಡ ಇತ್ತು. ಜುಲೈ, ಆಗಸ್ಟ್‌ನಲ್ಲಿ ಬಂದಿದ್ದ, ಆಫರ್ ಸಂದೇಶ ಕಳಿಸಲು ಒಪ್ಪಿದ್ದ 600 ನಂಬರುಗಳನ್ನು ಆರಿಸಿದೆವು.

ಕೊನೆಯ ಅಂಕಿ ಸಮ ಇದ್ದವರಿಗೆ ಯೋಜನೆಗೆ ಸೇರಿ ಅಂತ ಸಂದೇಶ ಹೋಯಿತು, ಕೌಂಟರಿನಲ್ಲೂ ಹೇಳಿದರು. ಬೆಸ ಇದ್ದವರಿಗೆ ಏನೂ ಹೇಳಲಿಲ್ಲ. ಫೋನ್ ನಂಬರಿನ ಕೊನೆಯ ಅಂಕಿಗೂ ಕಾಫಿ ಚಟಕ್ಕೂ ಸಂಬಂಧ ಇಲ್ಲ, ಅದಕ್ಕೇ ಅದನ್ನು ಆರಿಸಿದ್ದು. ಎರಡೂ ಕಡೆ 300 ಜನರಂತೆ ಸಿಕ್ಕರು. ಶುರುಮಾಡುವ ಮುಂಚೆ ಹಿಂದಿನ ಎರಡು ತಿಂಗಳ ಬಿಲ್ಲುಗಳನ್ನು ಎರಡೂ ಗುಂಪಿಗೆ ಹೋಲಿಸಿದೆವು. ತಲೆಗೆ ಹೆಚ್ಚು ಕಡಿಮೆ ಒಂದೇ ಇತ್ತು. ಈ ಹೆಜ್ಜೆ ಬಿಡಬಾರದು. ಇಲ್ಲೇ ವ್ಯತ್ಯಾಸ ಇದ್ದರೆ ಆಮೇಲಿನ ಯಾವ ಅಂಕಿಗೂ ಬೆಲೆ ಇರುವುದಿಲ್ಲ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಡೆಸಿದೆವು. ನಡುವೆ ದಸರಾ ರಜೆ ಬಂತು, ಒಂದಷ್ಟು ದಿನ ಜೋರು ಮಳೆ ಬಂತು. ತೊಂದರೆ ಇಲ್ಲ. ರಜೆ, ಮಳೆ ಎರಡೂ ಗುಂಪಿಗೂ ಒಂದೇ.

ಫಲಿತಾಂಶ ಓದುವಾಗ ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಂಡೆವು. ಸಮ ಗುಂಪಿನ 300 ಜನರಲ್ಲಿ ಸೇರಿದವರು 120. ಆದರೆ ಹೋಲಿಸಬೇಕಾದದ್ದು ಈ 120 ಜನರನ್ನಲ್ಲ, ಪೂರ್ತಿ 300ನ್ನು. ಯಾಕೆ ಅಂತ ಅಂಕಿಗಳೇ ಹೇಳುತ್ತವೆ. ಸೇರಿದ 120 ಜನ ಮೂರು ತಿಂಗಳಲ್ಲಿ 810 ಸಲ ಬಂದರು, ತಲೆಗೆ 6.75. ಸೇರದ 180 ಜನ 630 ಸಲ, ತಲೆಗೆ 3.5. ಹೆಚ್ಚು ಕಡಿಮೆ ಎರಡು ಪಟ್ಟು! ಇದಿಷ್ಟನ್ನೇ ನೋಡಿದ್ದರೆ ಎಲ್ಲರೂ ಕೈ ಕುಲುಕಿ ಮನೆಗೆ ಹೋಗಬಹುದಿತ್ತು. ಈಗ ಗುಂಪಿಗೆ ಗುಂಪು ನೋಡಿ. ಸಮ ಗುಂಪಿನ 300 ಜನ ಒಟ್ಟು 1,440 ಸಲ ಬಂದರು, ತಲೆಗೆ 4.8. ಬೆಸ ಗುಂಪಿನ 300 ಜನ 1,350 ಸಲ, ತಲೆಗೆ 4.5. ಸೇರದವರಿಗೆ ಹೋಲಿಸಿ ನೋಡಿದ ಎರಡು ಪಟ್ಟಿನಲ್ಲಿ ಬಹುಪಾಲು, ಜಾಸ್ತಿ ಬರುವವರು ತಾವಾಗಿ ಸೇರಿಕೊಂಡದ್ದರಿಂದ ಬಂದದ್ದು. ಬೆಸ ಗುಂಪಿನಲ್ಲೂ ಬೆರಳೆಣಿಕೆಯ ಜನ ತಾವೇ ಕೇಳಿ ಸೇರಿದರು. ಅವರನ್ನು ಬೆಸದಲ್ಲೇ ಇಟ್ಟೆವು. ಅಲ್ಲಿಂದ ಇಲ್ಲಿಗೆ ಸಾಗಿಸಿದ ಕೂಡಲೇ ಗುಂಪುಗಳು ಒಂದೇ ತರಹ ಇರುವುದಿಲ್ಲ.

ಸಮ ಗುಂಪಿನಲ್ಲಿ ಜಾಸ್ತಿ ಬಂದದ್ದು 90 ಸಲ. ಸರಾಸರಿ ಬಿಲ್ ಎರಡೂ ಕಡೆ ₹150ರ ಆಸುಪಾಸು. ಹಾಗಾದರೆ 90 ಸಲಕ್ಕೆ ಉಳಿದದ್ದು ₹8,100. ಖರ್ಚು? ಸೇರಿದವರ 810 ಬಿಲ್ಲುಗಳಿಗೂ ಪಾಯಿಂಟ್ ಹೋಗಿದೆ, ಜಾಸ್ತಿ ಬಂದ 90ಕ್ಕೆ ಮಾತ್ರ ಅಲ್ಲ. ಕೊಟ್ಟ ಪಾಯಿಂಟ್ ₹12,150, ಅದರಲ್ಲಿ ಬಳಕೆಯಾದದ್ದು ₹8,500ರಷ್ಟು. ಸಾಫ್ಟ್‌ವೇರ್ ಬಾಡಿಗೆ ಸೇರಿಸುವ ಮುಂಚೆಯೇ ₹400 ಕೈಬಿಟ್ಟಿತ್ತು. ಬಳಸದ ಪಾಯಿಂಟ್ ₹3,600 ಇನ್ನೂ ಗಿರಾಕಿಗಳ ಕೈಯಲ್ಲಿದೆ. ಅದು ನಾಳೆ ಬರಬಹುದಾದ ಸಾಲ.

ಇಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳಬೇಕು. ಆ 90 ನಿಜವಾ? ಯೋಜನೆಗೆ ಕರೆಯದ ಬೆಸ ಗುಂಪನ್ನು ನಂಬರಿನ ಕೊನೆಯಿಂದ ಎರಡನೇ ಅಂಕಿ ನೋಡಿ ಸುಮ್ನೆ ಎರಡು ಭಾಗ ಮಾಡಿದೆವು. ಒಂದು ಭಾಗದ 150 ಜನ 645 ಸಲ ಬಂದಿದ್ದರು, ಇನ್ನೊಂದು ಭಾಗದವರು 705 ಸಲ. ತಲೆಗೆ 4.3 ಮತ್ತು 4.7. ಎರಡೂ ಭಾಗದವರನ್ನು ಯೋಜನೆಗೆ ಕರೆದಿಲ್ಲ, ಆದರೂ 0.4 ವ್ಯತ್ಯಾಸ. ಗುಂಪು ಸಣ್ಣದಾದಷ್ಟು ಇಂಥ ಏರುಪೇರು ಜಾಸ್ತಿ, ಸರಿ. ಆದರೂ ನಮ್ಮ 0.3 ಯೋಜನೆಯಿಂದಲೇ ಬಂತು ಅಂತ ಆಣೆ ಮಾಡಿ ಹೇಳಲು ಆಗುವುದಿಲ್ಲ. ನಿಜವಾದ ಪರಿಣಾಮ ಸೊನ್ನೆಯೂ ಇರಬಹುದು, ಇದರ ಎರಡು ಪಟ್ಟೂ ಇರಬಹುದು. ದಿನಾ ಬರುವವರು ಕೆಲವರೇ, ಅಪರೂಪಕ್ಕೆ ಬರುವವರು ಬಹಳ ಇರುವ ಕೆಫೆಯಲ್ಲಿ 300 ಜನರಿಂದ ಸಣ್ಣ ವ್ಯತ್ಯಾಸ ಖಚಿತವಾಗಿ ಕಾಣುವುದಿಲ್ಲ. ಸಾವಿರಗಟ್ಟಲೆ ಜನ ಬೇಕು, ಒಂದು ಕೆಫೆಗೆ ಅಷ್ಟು ಸಿಗುವುದಿಲ್ಲ.

ಹಾಗಾದರೆ ಪರೀಕ್ಷೆ ವ್ಯರ್ಥವಾಯಿತಾ? ಇಲ್ಲ. ಪರಿಣಾಮ ಎಷ್ಟು ಅಂತ ಖಚಿತವಾಗಿ ತಿಳಿಯದಿದ್ದಾಗ, ದೊಡ್ಡ ಪರಿಣಾಮ ಇದ್ದರೆ ಮಾತ್ರ ಬದುಕುವ ಯೋಜನೆಯನ್ನು ಬಿಡಬೇಕು. ಸಣ್ಣ ಪರಿಣಾಮದಲ್ಲೂ ಬದುಕುವ ಯೋಜನೆಯನ್ನು ಕಟ್ಟಬೇಕು. ಆ ದಂಪತಿಗೆ ನಾನು ಹೇಳಿದ್ದು ಇಷ್ಟೇ. 15% ಏರಿಕೆ ಬೇಡುವ ಯೋಜನೆ ಬೇಡ, 3-4% ಸಾಕು ಅನ್ನುವಂಥದ್ದು ಮಾಡೋಣ.

ಹೊಸ ಕಾರ್ಡ್

ಅಸಲು ಕಡಿಮೆ, ಬೆಲೆ ಜಾಸ್ತಿ, ಗಿರಾಕಿ ಸಾಮಾನ್ಯವಾಗಿ ಕೊಳ್ಳದ್ದು. ಬಹುಮಾನಕ್ಕೆ ಈ ಮೂರೂ ಇರಬೇಕು. ಕಾಫಿ ಇದಕ್ಕೆ ಆಗುವುದಿಲ್ಲ, ಅದನ್ನು ಎಲ್ಲರೂ ಹೇಗೂ ಕೊಳ್ಳುತ್ತಾರೆ. ಇವರ ಬಾಳೆಹಣ್ಣಿನ ಕೇಕ್ ಸರಿಹೊಂದಿತು. ಒಂದು ತುಂಡಿಗೆ ₹60, ಅಸಲು ₹20. ಸದಸ್ಯರ ಬಿಲ್ಲುಗಳಲ್ಲಿ ಇಪ್ಪತ್ತಕ್ಕೆ ಒಂದರಲ್ಲಿ ಮಾತ್ರ ಅದಿತ್ತು. ತಿಂದವರು ಮತ್ತೆ ಕೇಳುತ್ತಾರೆ ಅನ್ನುವ ನಂಬಿಕೆ ಆಕೆಗಿತ್ತು, ಅದು ಒಳ್ಳೆಯ ಕೇಕೇ.

ಸಮಯದ ಲೆಕ್ಕವೂ ಇತ್ತು. ಸಂಜೆ 5ರಿಂದ 7ರವರೆಗೆ ಕುರ್ಚಿ ಖಾಲಿ ಇರುವುದಿಲ್ಲ. ಆಗ ಬಹುಮಾನ ಕೊಟ್ಟು ಒಬ್ಬರನ್ನು ಕರೆದರೆ ಇನ್ನೊಬ್ಬರು ಬಾಗಿಲಲ್ಲಿ ನೋಡಿ ವಾಪಸ್ ಹೋಗುತ್ತಾರೆ. ಹಳೆಯ ಯೋಜನೆಯ ಪಾಯಿಂಟುಗಳಲ್ಲಿ ಹೆಚ್ಚಿನವು ಹೋದದ್ದು ಇದೇ ಹೊತ್ತಿಗೆ. ಹೊಸ ಕಾರ್ಡಿನ ಸೀಲು ಮಧ್ಯಾಹ್ನ 2ರಿಂದ 4.30ರವರೆಗೆ ಮಾತ್ರ ಅಂತ ಮಾಡಿದೆವು. ಬಿಲ್ ಕನಿಷ್ಠ ₹100 ಇರಬೇಕು. ಕಾಗದದ ಕಾರ್ಡ್, ಸಾಫ್ಟ್‌ವೇರ್ ಬಾಡಿಗೆ ಇಲ್ಲ. ಸೀಲಿನಲ್ಲಿ ತಾರೀಖು ಇರುತ್ತದೆ, ಕಾರ್ಡಿಗೆ ಕ್ರಮಸಂಖ್ಯೆ ಇರುತ್ತದೆ. ಕಾರ್ಡ್ ಕೈಯಲ್ಲಿ ಇಲ್ಲದಿದ್ದರೆ ಸೀಲಿಲ್ಲ. ಕೌಂಟರಿನವರಿಗೆ ದಿನಕ್ಕೆ ಎಷ್ಟು ಸೀಲು ಹೋಯಿತು ಅಂತ ಬರೆಯುವ ಕೆಲಸ.

ಕಾರ್ಡಿನಲ್ಲಿ ಹತ್ತು ಮನೆ, ಎರಡಕ್ಕೆ ಮೊದಲೇ ಸೀಲು. ಹತ್ತೂ ತುಂಬಿದರೆ ಒಂದು ತುಂಡು ಕೇಕ್. ಇದರ ಹಿಂದೆ ಒಂದು ಅಧ್ಯಯನ ಇದೆ. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ ಅಮೆರಿಕದ ಒಂದು ಕಾರ್ ವಾಶ್‌ನಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅರ್ಧ ಜನರಿಗೆ ಎಂಟು ಸೀಲಿನ ಖಾಲಿ ಕಾರ್ಡ್, ಉಳಿದವರಿಗೆ ಎರಡು ಸೀಲು ಒತ್ತಿದ ಹತ್ತರ ಕಾರ್ಡ್. ಇಬ್ಬರೂ ತೊಳೆಸಬೇಕಾದದ್ದು ಎಂಟೇ ಸಲ. ಖಾಲಿ ಕಾರ್ಡಿನವರಲ್ಲಿ 19% ಪೂರ್ತಿ ಮಾಡಿದರು, ಎರಡು ಸೀಲು ಸಿಕ್ಕವರಲ್ಲಿ 34%. ಶುರುವಾಗಿದೆ ಅನ್ನಿಸಿದರೆ ಮುಗಿಸುವ ಮನಸ್ಸು ಬರುತ್ತದೆ. ಆದರೆ ಒಂದು ಎಚ್ಚರ ಬೇಕು. ಕಾರ್ಡ್ ತುಂಬುವವರು ಜಾಸ್ತಿಯಾದರೆ ಬಹುಮಾನದ ಖರ್ಚೂ ಜಾಸ್ತಿ. ತುಂಬಿದ ಕಾರ್ಡುಗಳ ಸಂಖ್ಯೆಯನ್ನೇ ಗೆಲುವು ಅಂತ ಎಣಿಸಬಾರದು. ಬಹುಮಾನ ಅಗ್ಗವಾಗಿದ್ದರೆ ಮಾತ್ರ ಈ ಉಪಾಯ ಕ್ಷೇಮ.

ಎಂಟು ಸಲಕ್ಕೆ ₹20 ಅಸಲಿನ ಕೇಕ್, ಕಾರ್ಡಿನ ಅಚ್ಚಿಗೆ ₹2. ಒಂದು ಸಲಕ್ಕೆ ₹3 ಅಂತ ಹಿಡಿದೆವು. ಆಗ ಪ್ರತಿ ಬಿಲ್ಲಿನಲ್ಲಿ ₹87 ಉಳಿಯುತ್ತದೆ. ನಾಲ್ಕು ಸಲ ಬರುವವನು 4.14 ಸಲ ಬಂದರೆ ಸಾಕು, ಅಂದರೆ 3.5% ಏರಿಕೆ.

ಹಳೆಯ ಪಾಯಿಂಟ್ ಸುಮಾರು ₹45,000 ಬಾಕಿ ಇತ್ತು. ಅದನ್ನು ರದ್ದು ಮಾಡಿಬಿಡೋಣ ಅಂತ ಗಂಡ ಅಂದರು. ನಾನು ಒಪ್ಪಲಿಲ್ಲ, ಆಕೆಯೂ ಒಪ್ಪಲಿಲ್ಲ. ಕೊಟ್ಟ ಮಾತಿನ ದುಡ್ಡು ಅದು. ಡಿಸೆಂಬರ್‌ನಲ್ಲಿ ಎಲ್ಲ ಸದಸ್ಯರಿಗೂ ಸಂದೇಶ ಕಳಿಸಿ, ಹೊಸ ಪಾಯಿಂಟ್ ನಿಲ್ಲಿಸಿ, ಹಳೆಯದನ್ನು ಫೆಬ್ರವರಿ ಕೊನೆಯವರೆಗೆ ಬಳಸಬಹುದು ಅಂತ ತಿಳಿಸಿದರು. ಅರ್ಧದಷ್ಟು ಬಳಕೆಯಾಯಿತು. ಒಂದಿಬ್ಬರು ಬೇಸರ ಮಾಡಿಕೊಂಡರು, ಅಷ್ಟೇ. 10% ನಿಂತ ಮೇಲೆ ದಿನಾ ಬರುವವರು ಬರುವುದನ್ನು ಬಿಡುತ್ತಾರೆ ಅನ್ನುವ ಭಯ ನಿಜವಾಗಲಿಲ್ಲ. ಸಂಜೆಯ ಬಿಲ್ಲುಗಳೇ ಅದಕ್ಕೆ ಸಾಕ್ಷಿ.

ಜನವರಿಯಿಂದ ಹೊಸ ಕಾರ್ಡ್. ಕಾಗದದ ಕಾರ್ಡಿನಲ್ಲಿ ಸಮ-ಬೆಸ ಪರೀಕ್ಷೆ ನಡೆಸುವುದು ಕಷ್ಟ. ಬದಲಿಗೆ ಸೀಲು ಇರುವ ಮಧ್ಯಾಹ್ನವನ್ನು ಸೀಲು ಇಲ್ಲದ ಸಂಜೆಯ ಜೊತೆ ಹೋಲಿಸಿದೆವು. ನವೆಂಬರ್‌ನಲ್ಲಿ ಮಧ್ಯಾಹ್ನ ದಿನಕ್ಕೆ 22 ಬಿಲ್, ಜನವರಿ-ಫೆಬ್ರವರಿಯಲ್ಲಿ 26. ಸಂಜೆ 61 ಇದ್ದದ್ದು 62. ಸಂಜೆಯವರೇ ಮಧ್ಯಾಹ್ನಕ್ಕೆ ಸರಿದಿದ್ದರೆ ಸಂಜೆ ಇಳಿಯಬೇಕಿತ್ತು, ಇಳಿದಿಲ್ಲ. ಆದರೆ ಮಧ್ಯಾಹ್ನದ ಸರಾಸರಿ ಬಿಲ್ ₹150ರಿಂದ ₹142ಕ್ಕೆ ಬಂದಿದೆ. ಎರಡು ಸೀಲು ಬೇಕು ಅಂತ ಇಬ್ಬರು ಬಿಲ್ ಬೇರೆ ಬೇರೆ ಮಾಡಿಸಿಕೊಳ್ಳುತ್ತಾರೆ. ಆಗ ಬಿಲ್ಲಿನ ಸಂಖ್ಯೆ ಏರಿದರೂ ಜನ ಏರಿರುವುದಿಲ್ಲ. ಅದಕ್ಕೇ ಕೊನೆಯ ಲೆಕ್ಕವನ್ನು ಬಿಲ್ಲಿನ ಮೇಲೆ ಮಾಡದೆ ಉಳಿದ ದುಡ್ಡಿನ ಮೇಲೆ ಮಾಡಿದೆವು. ಮೊದಲು ಮಧ್ಯಾಹ್ನ ದಿನಕ್ಕೆ ₹1,980 ಉಳಿಯುತ್ತಿತ್ತು, ಈಗ ₹2,215. ಏರಿಕೆ ₹235. ದಿನಕ್ಕೆ ಸುಮಾರು 18 ಸೀಲು ಹೋಗುತ್ತದೆ, ಅದಕ್ಕೆ ₹54. ಕೈಗೆ ಬಂದದ್ದು ದಿನಕ್ಕೆ ₹180, ತಿಂಗಳಿಗೆ ಐದು ಸಾವಿರ ದಾಟುತ್ತದೆ.

ಇದರಲ್ಲೂ ಒಂದು ಅನುಮಾನ ಉಳಿದಿದೆ. ಪಕ್ಕದ ಬೀದಿಯ ಕೋಚಿಂಗ್ ಸೆಂಟರಿನಲ್ಲಿ ಜನವರಿಯಲ್ಲೇ ಹೊಸ ಬ್ಯಾಚ್ ಶುರುವಾಯಿತು, ಪಾಠ ಮಧ್ಯಾಹ್ನ ಮುಗಿಯುತ್ತದೆ. ಏರಿದ್ದರಲ್ಲಿ ಒಂದು ಪಾಲು ಆ ಹುಡುಗರದ್ದು ಇರಬಹುದು. ಬ್ಯಾಚ್ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಮೇ ಕೊನೆಯವರೆಗೆ ಸೀಲು ಒತ್ತಿಸಿಕೊಂಡ ಬಿಲ್ಲಿನ ಮೂಲೆಯಲ್ಲಿ ಕೌಂಟರಿನವರು ಪೆನ್ನಿನಲ್ಲಿ ಒಂದು ಗುರುತು ಹಾಕಿಡುತ್ತಾರೆ. ಏಪ್ರಿಲ್, ಮೇ ಬಿಲ್ಲುಗಳು ಕೈಗೆ ಬಂದ ಮೇಲೆ, ಗುರುತಿದ್ದ ಬಿಲ್ ಎಷ್ಟು ಇಳಿಯಿತು, ಗುರುತಿಲ್ಲದ್ದು ಎಷ್ಟು ಇಳಿಯಿತು ಅಂತ ಹಿಂದಿನ ವರ್ಷದ ಅದೇ ತಿಂಗಳುಗಳ ಪಕ್ಕದಲ್ಲಿಟ್ಟು ನೋಡುತ್ತೇವೆ.